ವೆಂಚುರಿ ಬೇಕಾ ಅಂತ ಕೇಳಿದ್ದು, ಅರ್ಧ ತೋಟಕ್ಕೆ ಬೇಡ ಅಂತ ನಾನೇ ಹೇಳಿದ್ದು

ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಅಡಿಕೆ ತೋಟಗಳಿಗೆ ಡ್ರಿಪ್ ಹಾಕಿಕೊಡುವುದು, ಹಾಕಿದ್ದನ್ನು ವರ್ಷಾ ವರ್ಷ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಗಿರಾಕಿ ಹುಡುಕುವುದು ಒಂದು ಕಷ್ಟ. ಆದರೆ ಹಳೆ ಗಿರಾಕಿಗೆ ಇನ್ನೊಂದು ವಸ್ತು, ಡ್ರಿಪ್ಪಿನಲ್ಲೇ ಗೊಬ್ಬರ ಕೊಡುವ ವೆಂಚುರಿಯಂಥದ್ದು, ಬೇಕಾ ಅಂತ ಕೇಳುವುದು ಅದಕ್ಕಿಂತ ನಾಜೂಕಿನ ಕೆಲಸ. ಎಷ್ಟೋ ಜನ ಇದನ್ನು ಉಲ್ಟಾ ಅಂದುಕೊಂಡಿದ್ದಾರೆ. ಪರಿಚಯ ಇದೆಯಲ್ಲ, ಹೇಳಿದರೆ ತಗೊಳ್ತಾರೆ ಅಂತ. ಹೌದು, ತಗೊಳ್ತಾರೆ. ತೊಂದರೆ ಇರುವುದೇ ಅಲ್ಲಿ.

ನಮ್ಮ ಕಡೆ ತೋಟಕ್ಕೆ ಹೋದರೆ ಮೊದಲು ಬೆಲ್ಲ ನೀರು ಬರುತ್ತದೆ, ಆಮೇಲೆ ಕಾಫಿ, ಊಟದ ಹೊತ್ತಾದರೆ ಬಾಳೆ ಎಲೆ ಹಾಕಿಯೇ ಬಿಡುತ್ತಾರೆ. ಪಂಪು ಕೈಕೊಟ್ಟಾಗ ರಾತ್ರಿ ಫೋನ್ ಮಾಡಿದರೂ ಬಂದ ಹುಡುಗ ಅಂತ ಒಂದು ಪ್ರೀತಿ ಇರುತ್ತದೆ. ಅಂಥ ಮನೆಯ ಜಗಲಿಯಲ್ಲಿ ಕೂತು "ಇದೊಂದು ಹಾಕಿಸಿ" ಅಂದರೆ ಅವರು ಬೇಡ ಅನ್ನುವುದು ಹೇಗೆ? ನಾನು ಒತ್ತಾಯ ಮಾಡದೆ ಇದ್ದರೂ ಒತ್ತಾಯ ಅಲ್ಲಿ ಮೊದಲೇ ಕೂತಿರುತ್ತದೆ. ಹಾಗಾಗಿ ಹೇಳುವುದು ಹೇಗೆ ಅನ್ನುವುದಕ್ಕಿಂತ, ಅವರಿಗೆ ಬೇಡ ಅನ್ನಲು ದಾರಿ ಮಾಡಿಕೊಡುವುದು ಹೇಗೆ ಅನ್ನುವುದರ ಬಗ್ಗೆಯೇ ನಾನು ಜಾಸ್ತಿ ಯೋಚನೆ ಮಾಡುವುದು.

ಒಂದು ತೋಟದ ಕಥೆ ಹೇಳುತ್ತೇನೆ. ಹೆಸರು ಬೇಡ, ಭಟ್ರು ಅನ್ನೋಣ. ಸುಮಾರು 800 ಅಡಿಕೆ ಮರ. ಅದರಲ್ಲಿ ಅರ್ಧ ಕೆಳಗೆ ಕೆರೆಯ ಪಕ್ಕದ ಸಮತಟ್ಟು ಜಾಗದಲ್ಲಿ, ಇನ್ನರ್ಧ ಮೇಲೆ ಗುಡ್ಡದ ಬದಿಯಲ್ಲಿ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ನೀರು ಕೆರೆಗೆ ಬೀಳುತ್ತದೆ, ಕೆರೆಯಿಂದ ಪಂಪು ಎತ್ತುತ್ತದೆ. ಒಂದೊಂದು ಮರಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್. ಎರಡೂವರೆ ಗಂಟೆ ಬಿಟ್ಟರೆ ಮರಕ್ಕೆ 20 ಲೀಟರ್ ಆಯಿತು, ಅಷ್ಟು ಸಾಕು. ಎರಡು ಬ್ಲಾಕ್, ಎರಡು ವಾಲ್ವ್, ಒಂದಾದ ಮೇಲೆ ಒಂದು. ಹಾಕಿದ್ದು ನಾನೇ.

ಪ್ರತಿ ಗಿರಾಕಿಗೂ ಒಂದು ಪುಟ ಅಂತ ನನ್ನ ಹತ್ತಿರ ಒಂದು ಡೈರಿ ಇದೆ. ಅದರಲ್ಲಿ ಏನು ರಿಪೇರಿ ಆಯಿತು ಅನ್ನುವುದರ ಜೊತೆಗೆ ಅವರು ಮಾತಿನ ಮಧ್ಯೆ ಹೇಳಿದ ಕಷ್ಟವನ್ನು ಅವರದೇ ಮಾತಿನಲ್ಲಿ ಬರೆದಿಡುತ್ತೇನೆ. ಭಟ್ರ ಪುಟದಲ್ಲಿ ಎರಡು ವರ್ಷದಿಂದ ಒಂದೇ ಮಾತು ಇತ್ತು: "ಗೊಬ್ಬರ ಹಾಕ್ಲಿಕ್ಕೆ ಜನ ಸಿಕ್ಕುವುದಿಲ್ಲ ಮಾರಾಯಾ." ಮಳೆಗೆ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಬುಡ ಬಿಡಿಸಿ ಗೊಬ್ಬರ ಕೊಡಬೇಕು. ಹೇಳಿದ ದಿನ ಜನ ಬರುವುದಿಲ್ಲ, ಬಂದ ದಿನ ಮಳೆ ಬರುತ್ತದೆ, ಹಾಕಿದ ಯೂರಿಯಾ ತೋಡಿಗೆ ಹೋಗುತ್ತದೆ.

ಇದಕ್ಕೆ ಡ್ರಿಪ್ಪಿನಲ್ಲೇ ಒಂದು ದಾರಿ ಇದೆ, ವೆಂಚುರಿ. ಮುಖ್ಯ ಪೈಪಿನ ಪಕ್ಕಕ್ಕೆ ಜೋಡಿಸುವ ಒಂದು ಸಣ್ಣ ತುಂಡು ಅದು, ನಡುವೆ ಸೊಂಟ ಕಿರಿದಾಗಿರುತ್ತದೆ. ನೀರು ಆ ಕಿರಿದಾದ ಜಾಗದಲ್ಲಿ ಜೋರಾಗಿ ಹೋಗುವಾಗ ಅಲ್ಲಿ ಒತ್ತಡ ಬಿದ್ದುಹೋಗಿ, ಪಕ್ಕದ ಸಣ್ಣ ಪೈಪಿನಿಂದ ಡ್ರಮ್ಮಿನಲ್ಲಿ ಕರಗಿಸಿಟ್ಟ ಗೊಬ್ಬರದ ನೀರನ್ನು ಎಳೆದುಕೊಳ್ಳುತ್ತದೆ. ಬೇರೆ ಮೋಟಾರು ಬೇಡ, ಕರೆಂಟು ಬೇಡ. ಕೇಳಿದರೆ ಎಷ್ಟು ಸುಲಭ ಅಲ್ವಾ? ಮಾರುವವರು ಇಲ್ಲಿಗೇ ನಿಲ್ಲಿಸುತ್ತಾರೆ.

ನವೆಂಬರಿನಲ್ಲಿ ಮಳೆ ಪೂರ್ತಿ ಬಿಟ್ಟ ಮೇಲೆ, ಡ್ರಿಪ್ ಶುರು ಮಾಡುವ ಮೊದಲು ಎಲ್ಲ ತೋಟಕ್ಕೂ ಒಂದು ಸುತ್ತು ಹೋಗುವುದು ನನ್ನ ಕ್ರಮ. ಹೊಸದೇನಾದರೂ ಹೇಳುವುದಿದ್ದರೆ ಆಗಲೇ ಹೇಳುತ್ತೇನೆ. ಮಾರ್ಚಿನಲ್ಲಿ ಪಂಪು ಸುಟ್ಟು ತೋಟ ಒಣಗುತ್ತಿರುವಾಗ ಹೋಗಿ "ಜೊತೆಗೆ ಇದನ್ನೂ ಹಾಕಿಬಿಡೋಣ" ಅಂದರೆ ಅವರು ಹೂಂ ಅಂದೇ ಅನ್ನುತ್ತಾರೆ. ಆಗ ಅವರಿಗೆ ನೀರು ಬಂದರೆ ಸಾಕಾಗಿರುತ್ತದೆ, ಚೀಟಿಯಲ್ಲಿ ಏನಿದೆ ಅಂತ ನೋಡುವ ಮನಸ್ಸು ಇರುವುದಿಲ್ಲ. ಆ ಹೂಂ ನನಗೆ ಬೇಡ.

ಆ ದಿನ ಫಿಲ್ಟರ್ ಬಿಚ್ಚಿ ತೊಳೆದೆ. ಮರಗಳ ಸಾಲಿಗೆ ಹೋಗುವ ಸಣ್ಣ ಪೈಪುಗಳ, ಅಂದರೆ ಲ್ಯಾಟರಲ್‌ಗಳ ಎಂಡ್‌ಕ್ಯಾಪ್ ತೆಗೆದು ನೀರು ಬಿಟ್ಟೆ. ಗುಡ್ಡದ ಬದಿಯಲ್ಲಿ ಕೆಂಪು ಲೋಳೆ ಬಂತು, ಕಬ್ಬಿಣದ ಅಂಶ ಇರುವ ನೀರಿನಲ್ಲಿ ಅದು ಇದ್ದದ್ದೇ. ಕೆಲಸ ಮುಗಿಸಿ ಸರ್ವಿಸಿನ ದುಡ್ಡು ಎಷ್ಟು ಅಂತ ಹೇಳಿ, ಅದನ್ನು ತೆಗೆದುಕೊಂಡು, ರಶೀದಿ ಕೊಟ್ಟೆ. ವೆಂಚುರಿಯ ಮಾತು ಆಮೇಲೆ. ಲೆಕ್ಕ ಚುಕ್ತಾ ಆಗುವ ಮೊದಲು ಹೊಸ ವಸ್ತುವಿನ ಮಾತು ತೆಗೆದರೆ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದನ್ನು ತಗೊಂಡರೆ ಸರ್ವಿಸಲ್ಲಿ ಕಡಿಮೆ ಮಾಡ್ತಾನೋ, ತಗೊಳ್ಳದಿದ್ದರೆ ಮುಂದಿನ ಸಲ ಬರುವುದು ತಡ ಮಾಡ್ತಾನೋ ಅಂತ ಅವರ ತಲೆಯಲ್ಲಿ ಓಡುತ್ತದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

"ಭಟ್ರೇ, ನೀವು ಗೊಬ್ಬರಕ್ಕೆ ಜನ ಸಿಕ್ಕುವುದಿಲ್ಲ ಅಂತಿದ್ರಿ. ಡ್ರಿಪ್ಪಿನಲ್ಲೇ ಕೊಡುವ ಒಂದು ಕ್ರಮ ಉಂಟು. ಈಗ ಹೇಳಲಾ, ಬಿಡುವಾದಾಗ ಮಾತಾಡುವನಾ?"

"ಹೇಳು, ಕೇಳುವುದಕ್ಕೆ ದುಡ್ಡು ಕೊಡ್ಬೇಕಾ?"

ಎರಡು ನಿಮಿಷದಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿದರೋ ಇಲ್ಲವೋ, ಕೊನೆಗೆ ಒಂದೇ ಮಾತು: "ನೀನು ಹೇಳಿದ ಮೇಲೆ ಮತ್ತೆಂತ, ಹಾಕು."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬುಕ್ ಮಾಡಿಕೊಳ್ಳುತ್ತಿದ್ದರು. ನನಗೆ ಈ ಮಾತು ಕೇಳಿದರೆ ಹೆದರಿಕೆ. ಎಷ್ಟಾಗುತ್ತದೆ ಅಂತ ಕೇಳಲಿಲ್ಲ, ಎಲ್ಲಿ ಕೂರಿಸುತ್ತೀಯಾ ಅಂತ ಕೇಳಲಿಲ್ಲ, ಯಾವ ಗೊಬ್ಬರ ಅಂತಲೂ ಕೇಳಲಿಲ್ಲ. ನಿಜವಾಗಿ ಬೇಕಾದವರು ರೇಟು ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ, ಪಕ್ಕದ ತೋಟದವರಿಗೆ ಫೋನ್ ಹಾಕುತ್ತಾರೆ. ಒಂದೂ ಪ್ರಶ್ನೆ ಇಲ್ಲದೆ ಒಪ್ಪಿದರು ಅಂದರೆ ಅವರು ಒಪ್ಪಿದ್ದು ನನ್ನನ್ನು, ವೆಂಚುರಿಯನ್ನಲ್ಲ. ಹೀಗೆ ದಾಕ್ಷಿಣ್ಯಕ್ಕೆ ಹಾಕಿಸಿಕೊಂಡ ಸಾಮಾನು ಪಂಪ್‌ಶೆಡ್ಡಿನ ಮೂಲೆಯಲ್ಲಿ ಜೇಡರ ಬಲೆ ಕಟ್ಟಿಕೊಂಡು ಇರುವುದನ್ನು ಬೇರೆಯವರು ಹಾಕಿಕೊಟ್ಟ ತೋಟಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಆಮೇಲೆ ಆ ಮನೆಯವರು ಮೆಕ್ಯಾನಿಕ್‌ನನ್ನು ಬಯ್ಯುವುದಿಲ್ಲ. ಕರೆಯುವುದು ನಿಲ್ಲಿಸುತ್ತಾರೆ ಅಷ್ಟೇ.

"ಈಗಲೇ ಬೇಡ ಭಟ್ರೇ. ಮೊದಲು ನಿಮ್ಮ ಲೈನಿಗೆ ಇದು ಹಿಡಿಸುತ್ತದಾ ಅಂತ ನೋಡ್ತೇನೆ. ಹಿಡಿಸದಿದ್ದರೆ ನಾನೇ ಬೇಡ ಅಂತೇನೆ" ಅಂದೆ.

ಹಿಡಿಸುತ್ತದಾ ಅಂತ ನೋಡುವುದು ಹೇಗೆ ಅನ್ನುವುದೇ ಇದರಲ್ಲಿ ದೊಡ್ಡ ವಿಷಯ. ವೆಂಚುರಿ ಪುಕ್ಕಟೆ ಕೆಲಸ ಮಾಡುವುದಿಲ್ಲ, ಲೈನಿನ ಒತ್ತಡವನ್ನು ತಿನ್ನುತ್ತದೆ. ಒಳಗೆ ಹೋಗುವ ನೀರಿಗೂ ಹೊರಗೆ ಬರುವ ನೀರಿಗೂ ಒತ್ತಡದಲ್ಲಿ ಒಳ್ಳೆಯ ವ್ಯತ್ಯಾಸ ಇದ್ದರೆ ಮಾತ್ರ ಅದು ಎಳೆಯುವುದು. ಆ ವ್ಯತ್ಯಾಸ ಬರಿಸಲು ಮುಖ್ಯ ಪೈಪಿನ ವಾಲ್ವನ್ನು ಸ್ವಲ್ಪ ಮುಚ್ಚಬೇಕು. ಮುಚ್ಚಿದಾಗ ತೋಟಕ್ಕೆ ಹೋಗುವ ಒತ್ತಡ ಇಳಿಯುತ್ತದೆ. ಕೊನೆಯ ಮರಗಳಿಗೆ ಮೊದಲೇ ನೀರು ಕಡಿಮೆ ಇದ್ದರೆ ಈಗ ಇನ್ನೂ ಕಡಿಮೆ.

ಬರೀ ನೀರಾದರೆ ಹೇಗೋ ನಡೆಯುತ್ತದೆ, ಇನ್ನೊಂದು ಅರ್ಧ ಗಂಟೆ ಬಿಟ್ಟರಾಯಿತು. ಗೊಬ್ಬರ ಹಾಗಲ್ಲ. ಕೈಯಲ್ಲಿ ಹಾಕುವಾಗ ಮೊದಲ ಮರಕ್ಕೂ ಕೊನೆಯ ಮರಕ್ಕೂ ಒಂದೇ ಅಳತೆ. ಡ್ರಿಪ್ಪಿನಲ್ಲಿ ಕೊಟ್ಟರೆ ನೀರು ಎಷ್ಟು ಹೋಗುತ್ತದೋ ಗೊಬ್ಬರವೂ ಅಷ್ಟೇ. ನೀರಿನ ಹೆಚ್ಚುಕಡಿಮೆ ಇದ್ದ ಲೈನಿಗೆ ವೆಂಚುರಿ ಹಾಕಿದರೆ ಆ ಹೆಚ್ಚುಕಡಿಮೆ ಗೊಬ್ಬರಕ್ಕೂ ಅಂಟಿಕೊಳ್ಳುತ್ತದೆ. ಮೊದಲ ಸಾಲು ಕೊಬ್ಬಿ, ಕೊನೆಯ ಸಾಲು ಸೊರಗಿ, ಎರಡು ವರ್ಷ ಆದ ಮೇಲೆ ಯಾಕೆ ಹೀಗೆ ಅಂತ ತಲೆ ಕೆರೆದುಕೊಳ್ಳುತ್ತಾ ಕೂರುವುದು.

ಕೆಲವರು "ಒಂದು ತಿಂಗಳು ಹಾಕಿ ನೋಡಿ, ಬೇಡವಾದರೆ ತೆಗೆದುಕೊಂಡು ಹೋಗ್ತೇನೆ" ಅಂತ ಪುಕ್ಕಟೆ ಟ್ರಯಲ್ ಕೊಡುತ್ತಾರೆ. ಪೇಟೆಯಲ್ಲಿ ಇದು ಸರಿಯೇನೋ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಒತ್ತಾಯ ಇನ್ನೊಂದಿಲ್ಲ. ಜನ ಬಂದು ಪೈಪು ಕತ್ತರಿಸಿ, ಅಂಟು ಹಾಕಿ, ಬೆವರು ಸುರಿಸಿ ಕೂರಿಸಿದ್ದನ್ನು ಬಿಚ್ಚಿಕೊಂಡು ಹೋಗು ಅನ್ನಲು ಯಾರ ನಾಲಿಗೆಯೂ ಹೊರಳುವುದಿಲ್ಲ. ನಾನು ಏನನ್ನೂ ಕೂರಿಸದೆ ಪರೀಕ್ಷೆ ಮಾಡುತ್ತೇನೆ. ಅದಕ್ಕೆ ಬೇಕಾದ್ದು ಪಂಪ್‌ಶೆಡ್ಡಿನಲ್ಲಿ ಇರುವ ಪ್ರೆಶರ್ ಗೇಜ್, ಒಂದು ಗೇಟ್‌ವಾಲ್ವ್, ಒಂದು ಲೀಟರಿನ ಎರಡು ನೀರಿನ ಬಾಟಲಿ.

ಗಂಟೆಗೆ 4 ಲೀಟರಿನ ಡ್ರಿಪ್ಪರ್ ಅಂದರೆ 15 ನಿಮಿಷಕ್ಕೆ 1 ಲೀಟರ್, ಬಾಟಲಿ ತುಂಬಬೇಕು. ಬ್ಲಾಕಿನ ಮೊದಲ ಸಾಲಿನ ಮೊದಲ ಡ್ರಿಪ್ಪರಿಗೆ ಒಂದು ಬಾಟಲಿ, ಅತ್ಯಂತ ದೂರದ ಸಾಲಿನ ಕೊನೆಯ ಡ್ರಿಪ್ಪರಿಗೆ ಇನ್ನೊಂದು. ಒಮ್ಮೆ ಪೂರ್ತಿ ಒತ್ತಡದಲ್ಲಿ ಅಳೆಯುವುದು. ಆಮೇಲೆ ಗೇಟ್‌ವಾಲ್ವನ್ನು ಮೆಲ್ಲ ತಿರುಗಿಸಿ, ವೆಂಚುರಿ ಇದ್ದಿದ್ದರೆ ಎಷ್ಟು ಇಳಿಯುತ್ತಿತ್ತೋ ಅಷ್ಟು ಒತ್ತಡ ಇಳಿಸಿ ಮತ್ತೆ ಅಳೆಯುವುದು. ಭಟ್ರಲ್ಲಿ ಫಿಲ್ಟರ್ ದಾಟಿದ ಮೇಲೆ ಗೇಜಿನಲ್ಲಿ ಒತ್ತಡ 1.6 ಕೆಜಿ ಇತ್ತು, ಅದನ್ನು 1.2ಕ್ಕೆ ಇಳಿಸಿದೆ.

ಕೆಳಗಿನ ಬ್ಲಾಕಿನಲ್ಲಿ ಪೂರ್ತಿ ಒತ್ತಡದಲ್ಲಿ ಮೊದಲ ಡ್ರಿಪ್ಪರ್ ಹತ್ತಿರ ಹತ್ತಿರ ಒಂದು ಲೀಟರ್ ಕೊಟ್ಟಿತು, ಕೊನೆಯದು 950 ಮಿಲಿ. ಒತ್ತಡ ಇಳಿಸಿದಾಗ ಎರಡೂ ಇಳಿದವು, 870 ಮತ್ತು 820. ಇಳಿದದ್ದು ತೊಂದರೆ ಅಲ್ಲ, ಎರಡರ ನಡುವಿನ ಅಂತರ ನೋಡಬೇಕು. ಹತ್ತು ಪರ್ಸೆಂಟಿನ ಒಳಗೆ ಇದ್ದರೆ ನಾನು ಒಪ್ಪುತ್ತೇನೆ. ಇಲ್ಲಿ ಇತ್ತು.

ಗುಡ್ಡದ ಬದಿಯ ಬ್ಲಾಕಿನಲ್ಲಿ ಕಥೆ ಬೇರೆ. ಲೋಳೆ ತೊಳೆಯುವ ಮೊದಲು ಅಳೆದಾಗ ಕೊನೆಯ ಡ್ರಿಪ್ಪರ್ 600 ಮಿಲಿ ಕೊಟ್ಟಿತ್ತು, ತೊಳೆದ ಮೇಲೆ 800 ಆಯಿತು. ಅದು ಒಳ್ಳೆ ಸುದ್ದಿ. ಆದರೆ ಒತ್ತಡ ಇಳಿಸಿದ ಕೂಡಲೇ ಮೊದಲನೆಯದು 820, ಕೊನೆಯದು 640. ಎತ್ತರಕ್ಕೆ ಏರುವಾಗ ಒತ್ತಡ ಅಲ್ಲೇ ಖರ್ಚಾಗುತ್ತದೆ, ಉಳಿದದ್ದನ್ನು ವೆಂಚುರಿ ತಿಂದರೆ ಕೊನೆಯ ಸಾಲಿಗೆ ಏನೂ ಇಲ್ಲ. ಅಲ್ಲಿ ಹಾಕಬೇಕಾದರೆ ಬ್ಲಾಕನ್ನು ಎರಡು ಮಾಡಬೇಕು, ಹೊಸ ಸಬ್‌ಮೇನ್ ಪೈಪು ಎಳೆಯಬೇಕು, ಇನ್ನೊಂದು ವಾಲ್ವ್ ಬೇಕು. ಆ ಖರ್ಚಿನ ಮುಂದೆ ವೆಂಚುರಿಯ ಖರ್ಚು ಏನೂ ಅಲ್ಲ.

ಬಾಟಲಿ ಎರಡನ್ನೂ ತಂದು ಜಗಲಿಯ ಮೇಲೆ ಇಟ್ಟೆ. ಭಟ್ರು ಬಗ್ಗಿ ನೋಡಿದರು. ಗೇಜು, ಒತ್ತಡ, ಪರ್ಸೆಂಟು ಯಾವುದೂ ಹೇಳಬೇಕಾಗಲಿಲ್ಲ. "ಮೇಲೆ ಬೇಡ, ಅಲ್ವಾ?" ಅಂತ ಅವರೇ ಕೇಳಿದರು. "ಮೇಲೆ ಬೇಡ" ಅಂದೆ. ಅಲ್ಲಿಂದ ಮಾತಿನ ಧಾಟಿಯೇ ಬದಲಾಯಿತು. ಅಲ್ಲಿವರೆಗೆ ಹೂಂ ಅಂತಿದ್ದವರು ಪ್ರಶ್ನೆ ಕೇಳಲು ಶುರು ಮಾಡಿದರು. ಅರ್ಧಕ್ಕೆ ನಾನೇ ಬೇಡ ಅಂದ ಮೇಲೆ ಉಳಿದರ್ಧಕ್ಕೆ ಅವರೂ ಬೇಡ ಅನ್ನಬಹುದು ಅಂತ ಅನ್ನಿಸಿರಬೇಕು.

ಕಂಪನಿಯ ಕರಪತ್ರ ನನ್ನ ಬ್ಯಾಗಿನಲ್ಲಿ ಇತ್ತು, ಮಲಯಾಳದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಭಟ್ರು ಎರಡನ್ನೂ ಓದುವವರಲ್ಲ. ಹೇಗೂ ಅದರಲ್ಲಿ ಇರುವುದು ಬಣ್ಣದ ಚಿತ್ರ ಮತ್ತು ಇಳುವರಿ ಏರುತ್ತದೆ ಅನ್ನುವ ಮಾತು. ನಾನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಕೈಯಲ್ಲೇ ಬರೆದುಕೊಡುತ್ತೇನೆ. ಮೊದಲ ಸಾಲು ಯಾವಾಗಲೂ ಒಂದೇ: "ಹಾಕಿಸದಿದ್ದರೆ ಈಗಿನ ಸರ್ವಿಸ್ ಹೀಗೆಯೇ, ದರವೂ ಇದೇ." ಅದರ ಕೆಳಗೆ ಕೆಳಬ್ಲಾಕಿಗೆ ಮಾತ್ರ ವೆಂಚುರಿ ಸೆಟ್, ವಾಲ್ವುಗಳು, ಡ್ರಮ್, ಕೂಲಿ ಸೇರಿ 5,400 ರೂಪಾಯಿ. ಒಂದೇ ರೇಟು. ಮೂರು ಬಗೆ ತೋರಿಸಿ, ದುಬಾರಿಯದು ಒಂದು, ಕಳಪೆಯದು ಒಂದು ಇಟ್ಟು ನಡುವಿನದಕ್ಕೆ ಜನರನ್ನು ತಳ್ಳುವ ಆಟ ನನಗೆ ಸರಿ ಕಾಣುವುದಿಲ್ಲ. ಸಾಮಾನು ಕೊಡುವ ಡೀಲರ್ ಒಬ್ಬರು "ತಿಂಗಳ ಕೊನೆಗೆ ಆಫರ್ ಮುಗೀತದೆ ಅಂತ ಹೇಳಿ, ಬೇಗ ಆಗ್ತದೆ" ಅಂತ ನನಗೆ ಬುದ್ಧಿ ಹೇಳಿದ್ದರು. ಆಫರ್ ಇದ್ದರೆ ಹೇಳುತ್ತೇನೆ. ಇಲ್ಲದ ಆಫರಿಗೆ ಕೊನೆ ದಿನ ಎಲ್ಲಿಂದ ತರುವುದು?

ಹಾಳೆಯ ಹಿಂಬದಿಯಲ್ಲಿ ಇದು ಏನು ಮಾಡುವುದಿಲ್ಲ ಅಂತ ಬರೆದೆ. ನನಗೆ ಮುಖ್ಯ ಅದೇ.

ಒಂದು, ಎಲ್ಲ ಗೊಬ್ಬರವೂ ಇದರಲ್ಲಿ ಹೋಗುವುದಿಲ್ಲ. ಅಡಿಕೆ ಮರಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ, ಪೊಟ್ಯಾಶ್ 140 ಗ್ರಾಂ ಅನ್ನುವುದು ಶಿಫಾರಸು. ನಾವು ರಂಜಕಕ್ಕೆ ಹಾಕುವುದು ರಾಕ್ ಫಾಸ್ಫೇಟ್, ಅದು ನೀರಿನಲ್ಲಿ ಕರಗುವುದೇ ಇಲ್ಲ. ಅದನ್ನೂ ಹಟ್ಟಿಗೊಬ್ಬರ ಸೊಪ್ಪನ್ನೂ ಬುಡಕ್ಕೇ ಹಾಕಬೇಕು. ಹಾಗಾಗಿ ವರ್ಷಕ್ಕೆ ಒಂದು ಸಲವಾದರೂ ಜನ ಬೇಕೇ ಬೇಕು. ನಾವು ಹಾಕುವುದರಲ್ಲಿ ಡ್ರಿಪ್ಪಿನಲ್ಲಿ ಹೋಗುವುದು ಯೂರಿಯಾ ಮತ್ತು ಪೊಟ್ಯಾಶ್ ಮಾತ್ರ. ಪೊಟ್ಯಾಶಿನಲ್ಲೂ ಕೆಂಪು ಹರಳಿನದು ಕೆಸರು ಬಿಡುತ್ತದೆ, ಬಿಳಿಯದು ಬೇಕು, ಅದಕ್ಕೆ ರೇಟು ಜಾಸ್ತಿ, ಹೇಳಿದಾಗ ಸಿಗುವುದೂ ಇಲ್ಲ.

ಎರಡು, ಮಳೆಗಾಲದಲ್ಲಿ ಇದು ಸುಮ್ನೆ ಕೂರುತ್ತದೆ. ಪಂಪು ಓಡಿದರೆ ತಾನೇ.

ಮೂರನೆಯದು ಇಳುವರಿ. ಶಿಫಾರಸಿನ ಮುಕ್ಕಾಲು ಪಾಲು ಗೊಬ್ಬರವನ್ನು ಡ್ರಿಪ್ಪಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಒಳ್ಳೆ ಫಸಲು ಬಂದ ಪ್ರಯೋಗ ವಿಟ್ಲದ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರದಲ್ಲಿ ಆಗಿದೆ. ನಾನು ಲೆಕ್ಕ ಹಾಕುವುದೂ ಆ ಮುಕ್ಕಾಲು ಪಾಲಿನ ಮೇಲೆಯೇ. ಆದರೆ ನಿಮ್ಮ ತೋಟದಲ್ಲಿ ಇಷ್ಟು ಕ್ವಿಂಟಲ್ ಹೆಚ್ಚುತ್ತದೆ ಅಂತ ನಾನು ಬರೆದುಕೊಡುವುದಿಲ್ಲ. ಕೊಳೆರೋಗ ಬಂದ ವರ್ಷ ಯಾವ ವೆಂಚುರಿ ಏನು ಮಾಡುತ್ತದೆ?

ಅಷ್ಟು ಹೊತ್ತಿಗೆ ಭಟ್ರ ಹೆಂಡತಿ, ನಾನು ಅಕ್ಕ ಅಂತ ಕರೆಯುವವರು, ಹೊರಗೆ ಬಂದರು. ಆ ಮನೆಯ ಲೆಕ್ಕ ಬರೆಯುವವರು ಅವರೇ, ನನಗೆ ಗೊತ್ತಿತ್ತು. ಅವರು ಇಲ್ಲದಾಗ ಭಟ್ರ ಹತ್ತಿರ ಹೂಂ ಅನ್ನಿಸಿಕೊಂಡು ಹೋಗುವುದು ಸುಲಭ. ಆದರೆ ಅಂಥ ಹೂಂ ರಾತ್ರಿ ಊಟದ ಹೊತ್ತಿಗೆ ಬಿದ್ದುಹೋಗುತ್ತದೆ.

"ಎಲೆ ಹಳದಿ ಆಗುವುದು ನಿಲ್ಲುತ್ತದಾ ಇದರಲ್ಲಿ?" ಅಂತ ಕೇಳಿದರು.

ಗುಡ್ಡದ ಬದಿಯಲ್ಲಿ ಕೆಲವು ಮರಗಳ ಸೋಗೆ ಹಳದಿ ಆಗುತ್ತಿತ್ತು. ಇಲ್ಲಿ ಹೂಂ ಅಂದಿದ್ದರೆ ವ್ಯಾಪಾರ ಆಗುತ್ತಿತ್ತು, ಗುಡ್ಡಕ್ಕೂ ಸೇರಿಸಿ. "ಅಕ್ಕಾ, ಗೊಬ್ಬರ ಕಡಿಮೆಯಾಗಿ ಹಳದಿ ಆಗಿದ್ದರೆ ಗೊಬ್ಬರ ಕೊಟ್ಟರೆ ಸರಿ ಹೋಗಬಹುದು, ಕೈಯಲ್ಲಿ ಕೊಟ್ಟರೂ ಅಷ್ಟೇ. ಹಳದಿ ರೋಗವೇ ಆಗಿದ್ದರೆ ಯಾವ ಗೊಬ್ಬರದಲ್ಲೂ ಗುಣ ಆಗುವುದಿಲ್ಲ. ಮೊದಲು ಕೃಷಿ ಭವನಕ್ಕೆ ಹೇಳಿ ಯಾರಿಗಾದರೂ ತೋರಿಸಿ. ಅದಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ."

"ಮತ್ತೆ ಹದಿನೈದು ದಿನಕ್ಕೊಮ್ಮೆ ಈ ಗೊಬ್ಬರ ಕರಗಿಸುವುದು ಯಾರು? ಇವರಿಗೆ ಸೊಂಟ ನೋವು."

ಒಳ್ಳೆ ಪ್ರಶ್ನೆ. ಕರಪತ್ರದಲ್ಲಿ ಇದಕ್ಕೆ ಉತ್ತರ ಇಲ್ಲ. ಲೆಕ್ಕ ಹಾಕಿಯೇ ತೋರಿಸಿದೆ. ಡಿಸೆಂಬರಿನಿಂದ ಏಪ್ರಿಲ್ ಕೊನೆವರೆಗೆ ಹದಿನೈದು ದಿನಕ್ಕೊಮ್ಮೆ ಅಂದರೆ ಹತ್ತು ಕಂತು. ಕೆಳಬ್ಲಾಕಿನ 400 ಮರಕ್ಕೆ ಒಂದು ಕಂತಿಗೆ ಯೂರಿಯಾ ಸುಮಾರು ಆರೂವರೆ ಕೆಜಿ, ಬಿಳಿ ಪೊಟ್ಯಾಶ್ 7 ಕೆಜಿ. ಇದನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಕರಗುವಾಗ ನೀರು ತಣ್ಣಗಾಗುತ್ತದೆ, ತಣ್ಣಗಾದಷ್ಟು ಪೊಟ್ಯಾಶ್ ಕರಗಲು ತಡ, ಹಾಗಾಗಿ ಹಿಂದಿನ ಸಂಜೆಯೇ ಹಾಕಿ ಕೋಲಿನಲ್ಲಿ ತಿರುವಿ ಇಟ್ಟರೆ ಸುಲಭ. ಬೆಳಿಗ್ಗೆ ಪಂಪು ಹಾಕಿ ಮೊದಲ ಮುಕ್ಕಾಲು ಗಂಟೆ ಬರೀ ನೀರು. ಆಮೇಲೆ ವೆಂಚುರಿ ತೆರೆದರೆ ಡ್ರಮ್ ಖಾಲಿಯಾಗಲು ಒಂದು ಗಂಟೆ. ಕೊನೆಗೆ ಅರ್ಧ ಗಂಟೆಗಿಂತ ಜಾಸ್ತಿ ಮತ್ತೆ ಬರೀ ನೀರು ಹೋಗಲೇಬೇಕು, ಇಲ್ಲದಿದ್ದರೆ ಪೈಪಿನಲ್ಲಿ ಉಳಿದ ಗೊಬ್ಬರದ ನೀರಿನಲ್ಲಿ ಲೋಳೆ ಬೆಳೆದು ಡ್ರಿಪ್ಪರ್ ಕಟ್ಟುತ್ತದೆ. ಹದಿಮೂರು ಕೆಜಿ ಎತ್ತಬೇಕು, ತಿರುವಬೇಕು, ಎರಡು ಸಲ ವಾಲ್ವ್ ತಿರುಗಿಸಲು ಪಂಪ್‌ಶೆಡ್ಡಿಗೆ ಹೋಗಬೇಕು. ಯಾರು ಮಾಡುತ್ತಾರೆ ಅಂತ ನೀವೇ ನೋಡಿ.

ಉಳಿತಾಯದ ಲೆಕ್ಕ ಅಕ್ಕನೇ ಮಾಡಿದರು. ಪೂರ್ತಿ ತೋಟಕ್ಕೆ ಒಂದು ಸಲ ಗೊಬ್ಬರ ಹಾಕಲು ಇಬ್ಬರಿಗೆ ಮೂರು ದಿನ. ಕೆಳಗಿನ ಅರ್ಧಕ್ಕೆ ಅದರ ಅರ್ಧ, ಅಂದರೆ ಮೂರು ಆಳಿನ ಕೂಲಿ. ವರ್ಷದ ಎರಡು ಸಲದಲ್ಲಿ ಉಳಿಯುವುದು ಒಂದೇ ಸಲದ್ದು. ಅವರು ಕೊಡುವ 900ರಂತೆ 2,700 ರೂಪಾಯಿ. ಎರಡು ವರ್ಷಕ್ಕೆ ಹಾಕಿದ ದುಡ್ಡು ಹುಟ್ಟುತ್ತದೆ, ಬಿಳಿ ಪೊಟ್ಯಾಶಿನ ಹೆಚ್ಚಿನ ರೇಟು ಹಿಡಿದರೆ ಇನ್ನೂ ಸ್ವಲ್ಪ ತಡ. ಗೊಬ್ಬರದಲ್ಲಿ ಕಾಲು ಪಾಲು ಉಳಿಯುವುದನ್ನೂ ಸೇರಿಸಿ ಅಂತ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಅವರು ಈಗ ಹಾಕುತ್ತಿರುವುದೇ ಪೂರ್ತಿ ಶಿಫಾರಸಿನಷ್ಟು ಇರಲಿಲ್ಲ. ಇಲ್ಲದ್ದನ್ನು ಉಳಿಸುವುದು ಹೇಗೆ?

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಆ ಮನೆಯಲ್ಲಿ ಅದೇ ಪಂಪಿನ ಲೈನಿನಿಂದ ಒಂದು ಕವಲು ಮನೆಯ ಟ್ಯಾಂಕಿಗೆ ಹೋಗುತ್ತದೆ. ಗೊಬ್ಬರ ಎಳೆಯುತ್ತಿರುವಾಗ ಕರೆಂಟು ಹೋದರೆ, ನಮ್ಮಲ್ಲಿ ಹೋಗದೆ ಇರುತ್ತದಾ, ಪೈಪಿನ ನೀರು ಹಿಂದಕ್ಕೆ ಜಾರುತ್ತದೆ, ಗೊಬ್ಬರದ ನೀರು ಕೆರೆಗೂ ಸೇರಬಹುದು, ಟ್ಯಾಂಕಿಗೂ ಸೇರಬಹುದು. ಹಾಗಾಗಿ ವೆಂಚುರಿ ಕೂರುವುದು ಮನೆಯ ಕವಲು ದಾಟಿದ ಮೇಲೆ, ಅದಕ್ಕೂ ಹಿಂದೆ ಒಂದು ನಾನ್‌ರಿಟರ್ನ್ ವಾಲ್ವ್, ಡ್ರಮ್ಮಿನ ಪೈಪಿಗೂ ಒಂದು. ಫಿಲ್ಟರ್ ವೆಂಚುರಿಯ ಮುಂದೆ, ತೋಟದ ಕಡೆಗೆ ಇರಬೇಕು, ಕರಗದ ಕಸ ಅಲ್ಲೇ ನಿಲ್ಲಬೇಕು. ಇದರಲ್ಲಿ ಒಂದನ್ನು ಬಿಟ್ಟು ರೇಟು ಕಡಿಮೆ ಮಾಡು ಅಂದರೆ ನಾನು ಹಾಕುವುದೇ ಇಲ್ಲ ಅಂದೆ. ಇದು ಒತ್ತಾಯ ಅಲ್ವಾ ಅಂತ ಯಾರಾದರೂ ಕೇಳಬಹುದು. ಹಾಕಿಸಬೇಕೋ ಬೇಡವೋ ಅನ್ನುವುದು ಅವರದ್ದು. ಹಾಕಿಸುವುದಾದರೆ ಹೇಗೆ ಅನ್ನುವುದು ನನ್ನದು.

ಹಾಳೆ ಅಲ್ಲೇ ಬಿಟ್ಟೆ. "ಬೇಡವಾದರೆ ನನಗೆ ಫೋನ್ ಮಾಡುವುದೂ ಬೇಡ. ಬೇಕು ಅನ್ನಿಸಿದರೆ ಮಾತ್ರ ಹೇಳಿ. ಫಿಲ್ಟರ್ ನೋಡಲು ಹೇಗೂ ಬರ್ತೇನೆ, ಆಗ ನಾನಾಗಿ ಈ ಸುದ್ದಿ ಎತ್ತುವುದಿಲ್ಲ" ಅಂತ ಹೇಳಿ ಹೊರಟೆ. ಈ ಮಾತು ನನ್ನ ಮಟ್ಟಿಗೆ ದೊಡ್ಡದು. "ಯೋಚನೆ ಮಾಡಿ ಹೇಳಿ, ನಾನು ಮುಂದಿನ ವಾರ ಫೋನ್ ಮಾಡ್ತೇನೆ" ಅಂದರೆ ಬೇಡ ಅನ್ನುವ ಕೆಲಸ ಅವರ ತಲೆಗೆ ಬೀಳುತ್ತದೆ. ಫೋನ್ ರಿಂಗಾದಾಗ ನನ್ನ ಹೆಸರು ನೋಡಿ ಎತ್ತದೆ ಇರುವುದು, ಆಮೇಲೆ ನಿಜವಾಗಿ ಪಂಪು ಹಾಳಾದಾಗ ಕರೆಯಲು ಮುಜುಗರ ಪಡುವುದು. ಹೇಳದೆ ಇದ್ದರೆ ಬೇಡ ಅಂತಲೇ ಅರ್ಥ ಅಂತ ಮೊದಲೇ ಮಾತಾಗಿದ್ದರೆ ಆ ರಗಳೆ ಇಲ್ಲ.

ಕೆಲವು ದಿನ ಬಿಟ್ಟು ಫೋನ್ ಬಂತು, ಆದರೆ ಭಟ್ರದ್ದಲ್ಲ. ಬೆಂಗಳೂರಿನಲ್ಲಿರುವ ಮಗನದ್ದು. ಅಮ್ಮ ಹಾಳೆಯ ಫೋಟೋ ಕಳಿಸಿದ್ದರಂತೆ. "ಅಪ್ಪನಿಗೆ ಹೇಳ್ಬೇಡಿ, ನಾನು ಈಗಲೇ ದುಡ್ಡು ಹಾಕ್ತೇನೆ. ಮೇಲಿನ ಬ್ಲಾಕಿಗೂ ಪೈಪು ಎಳೆದುಬಿಡಿ. ಮೊಬೈಲಿನಲ್ಲಿ ವಾಲ್ವ್ ತಿರುಗಿಸುವ ಸಿಸ್ಟಮ್ ಬರ್ತದಂತಲ್ಲ, ಅದೂ ಇರಲಿ."

ಈ ಆರ್ಡರ್ ಆ ವರ್ಷದ ನನ್ನ ದೊಡ್ಡ ಆರ್ಡರ್ ಆಗುತ್ತಿತ್ತು. ಆದರೆ ವಾಲ್ವ್ ತಿರುಗಿಸುವವರು ಭಟ್ರು, ಗೊಬ್ಬರ ತಿರುವುವವರು ಯಾರು ಅಂತ ಇನ್ನೂ ಗೊತ್ತಿಲ್ಲ. ಮಗ ದುಡ್ಡು ಹಾಕಿ, ಅಪ್ಪನಿಗೆ ತಿಳಿಯದೆ ತೋಟದಲ್ಲಿ ಅಗೆತ ಶುರುವಾದರೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. "ಅಣ್ಣಾ, ಅಪ್ಪನ ಹತ್ತಿರ ನೀವೇ ಮಾತಾಡಿ. ಅವರು ಹೇಳಿದರೆ ಮಾರನೇ ದಿನ ಬರ್ತೇನೆ. ಮೊಬೈಲ್ ಸಿಸ್ಟಮ್ ಅಲ್ಲಿ ಬೇಡ, ಪಂಪ್‌ಶೆಡ್ಡಿನಲ್ಲಿ ರೇಂಜೇ ಇಲ್ಲ" ಅಂದೆ. ಅವರು ನಕ್ಕರು, ಸ್ವಲ್ಪ ಬೇಜಾರೂ ಆಗಿರಬಹುದು.

ಡಿಸೆಂಬರಿನಲ್ಲಿ ಫಿಲ್ಟರ್ ನೋಡಲು ಹೋದಾಗ ನಾನು ಏನೂ ಎತ್ತಲಿಲ್ಲ. ಎತ್ತದೆ ಕೂರುವುದು ಸುಲಭ ಅಲ್ಲ ಮಾರಾಯ್ರೇ, ಬಾಯಿ ತುರಿಸುತ್ತದೆ. ಕಾಫಿ ಮುಗಿಯುವ ಹೊತ್ತಿಗೆ ಭಟ್ರೇ ಹಾಳೆ ತಂದರು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಏನೇನೋ ಗೀಚಿದ್ದರು. ಕೆಳಗೆ ಮಾತ್ರ, ಕರಗಿಸಲು ದನದ ಹಟ್ಟಿ ಕೆಲಸಕ್ಕೆ ಬರುವವನು ಒಪ್ಪಿದ್ದಾನೆ, ಡ್ರಮ್ಮು ಮನೆಯಲ್ಲೇ ಇದೆ, ಅದರ ದುಡ್ಡು ಕಳೆಯಬೇಕು. "ಮತ್ತೆ 5,400 ಎಂತಕ್ಕೆ? ಸರಿಯಾಗಿ ಹೇಳು." ಆಗ ನನಗೆ ಸಮಾಧಾನ ಆಯಿತು. ಡ್ರಮ್ಮಿನದು ಕಳೆದೆ, ಬೇರೆ ಏನೂ ಬಿಡಲಿಲ್ಲ.

ಅದೇ ಸುತ್ತಿನಲ್ಲಿ ನೀರ್ಚಾಲಿನ ಇನ್ನೊಂದು ಮನೆಗೂ ಇಂಥದೇ ಹಾಳೆ ಕೊಟ್ಟಿದ್ದೆ. ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಪ್ರಿಲಿನಲ್ಲಿ ಅವರ ಸ್ಟಾರ್ಟರ್ ಹೋದಾಗ ಮೊದಲಿನ ಹಾಗೆಯೇ ಕರೆದರು, ಹೋದೆ. ವ್ಯಾಪಾರ ಆಗದ ಮನೆಗಳ ಬಗ್ಗೆ ಹೇಳಲು ಇಷ್ಟೇ ಇರುವುದು, ಇಷ್ಟೇ ಇರಬೇಕು ಕೂಡ.

ಭಟ್ರಲ್ಲಿ ಕೂರಿಸಿದ ದಿನ ಮೊದಲ ಕಂತನ್ನು ನಾನು ಮಾಡಲಿಲ್ಲ, ಹಟ್ಟಿ ಕೆಲಸದವನ ಕೈಯಲ್ಲೇ ಮಾಡಿಸಿದೆ. ಅವನಿಗೆ ಕನ್ನಡ ಅಷ್ಟಕ್ಕಷ್ಟೆ, ತುಳುವಿನಲ್ಲಿ ಹೇಳಿದೆ. ವೆಂಚುರಿ ಎಳೆಯುತ್ತಿದೆಯಾ ಅಂತ ತಿಳಿಯಲು ಡ್ರಮ್ಮಿನಲ್ಲಿ ಒಂದು ಗೆರೆ ಹಾಕಿಕೊಟ್ಟೆ. ಹದಿನೈದು ನಿಮಿಷದಲ್ಲಿ ನೀರು ಆ ಗೆರೆಗೆ ಇಳಿಯದಿದ್ದರೆ ಎಳೆಯುತ್ತಿಲ್ಲ ಅಂತ. ಹಾಗಾದಾಗ ಮೊದಲು ನೋಡಬೇಕಾದ್ದು ಫಿಲ್ಟರ್. ಅದು ಕಟ್ಟಿಕೊಂಡರೆ ವೆಂಚುರಿಯ ಹೊರಬದಿಯಲ್ಲಿ ಒತ್ತಡ ಏರಿ ವ್ಯತ್ಯಾಸ ಸಾಯುತ್ತದೆ, ಎಳೆತ ನಿಲ್ಲುತ್ತದೆ. ಫೆಬ್ರವರಿಯಲ್ಲಿ ಹಾಗೇ ಆಯಿತು, ಅವನೇ ಫಿಲ್ಟರ್ ತೊಳೆದು ಸರಿ ಮಾಡಿದ. ನನಗೆ ಗೊತ್ತಾದದ್ದು ಆಮೇಲೆ.

ಬೇಸಿಗೆ ಮುಗಿಯುವಾಗ ಭಟ್ರು ಕೇಳಿದರು, "ಮೇಲಿನ ಬ್ಲಾಕಿಗೆ ಎಷ್ಟಾಗ್ತದೆ ಹಾಗಾದ್ರೆ?"

ವೆಂಚುರಿ ಇನ್ನೊಂದು ಬೇಡ, ಇರುವುದೇ ಆಗುತ್ತದೆ, ಖರ್ಚು ಇರುವುದು ಪೈಪು ಮತ್ತು ವಾಲ್ವಿನದು ಅಂತ ಹೇಳಿ ಅಂದಾಜು ಕೊಟ್ಟೆ. ಜೊತೆಗೆ ಇನ್ನೊಂದು ಮಾತು ಸೇರಿಸಿದೆ. ಈ ಒಂದು ಬೇಸಿಗೆಯಲ್ಲಿ ಗೊತ್ತಾಗುವುದು ಕೂಲಿ ಎಷ್ಟು ಉಳಿಯಿತು, ಡ್ರಿಪ್ಪರ್ ಕಟ್ಟಿತಾ ಇಲ್ಲವಾ ಅಂತ ಅಷ್ಟೇ. ಅಡಿಕೆ ಮರ ಇವತ್ತು ಕೊಟ್ಟ ಗೊಬ್ಬರಕ್ಕೆ ನಾಳೆ ಗೊನೆ ಕೊಡುವುದಿಲ್ಲ, ಫಸಲಿನಲ್ಲಿ ವ್ಯತ್ಯಾಸ ಕಾಣಲು ಇನ್ನೂ ಒಂದೆರಡು ಕೊಯ್ಲು ಆಗಬೇಕು. ಕೆಳಗಿನದರ ಅಡಿಕೆಯನ್ನೂ ಮೇಲಿನದರ ಅಡಿಕೆಯನ್ನೂ ಬೇರೆ ಬೇರೆ ಒಣಗಿಸಿ ತೂಕ ಬರೆದಿಡಿ ಅಂದೆ.

"ಅಂಗಳದಲ್ಲಿ ಬೇರೆ ಬೇರೆ ಹರಗುವುದಾ? ಅದಕ್ಕೆ ಜಾಗ ಎಲ್ಲಿ?" ಅಂತ ಅಕ್ಕ ಒಳಗಿನಿಂದಲೇ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊನೆ ಲೆಕ್ಕವಾದರೂ ಬರೆದಿಡುತ್ತೇವೆ ಅಂದಿದ್ದಾರೆ ಭಟ್ರು. ಮೇಲಿನ ಬ್ಲಾಕಿನ ಅಂದಾಜು ಅವರ ಹತ್ತಿರ ಇದೆ, ನಾನು ಕೇಳಿಲ್ಲ.